ಅವಳು ಮಲಗಿರಲಿಲ್ಲ

ಅಪ್ಪ ಸ್ಕೂಟರ್ ನಿಲ್ಲಿಸುವ ಸದ್ದಿನಲ್ಲೇ ಆ ರಾತ್ರಿ ಜಗಳವಿದೆಯೋ ಇಲ್ಲವೋ ಎಂದು ಏಳನೇ ತರಗತಿಯ ಹುಡುಗಿಗೆ ಗೊತ್ತಾಗುತ್ತದೆ. ‘ಮಗಳಿಗೋಸ್ಕರ ಹೊಂದಿಕೊಂಡಿದ್ದೇವೆ’ ಎನ್ನುವ ತಂದೆತಾಯಿ ಜಗಳವಾಡುವುದು ಅವಳು ಮಲಗಿದ ಮೇಲೆಯೇ. ಅವಳು ಮಲಗಿರುವುದಿಲ್ಲ. ಶಾಲೆಯ ಫೀಜಿನ ಮಾತು ಕಿವಿಗೆ ಬಿದ್ದಾಗ, ಜಗಳಕ್ಕೆ ತಾನೇ ಕಾರಣವೆಂದುಕೊಳ್ಳುತ್ತಾಳೆ. ಬೆಳಿಗ್ಗೆ ಹೊಟ್ಟೆನೋವು.

ಅಮೆರಿಕದ ಸಮಾಜಶಾಸ್ತ್ರಜ್ಞ ಪಾಲ್ ಅಮಾಟೊ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೀವ್ರ ಜಗಳದ ಮನೆಗಳಲ್ಲಿ ಹೆತ್ತವರು ಬೇರೆಯಾದ ಮಕ್ಕಳು, ಹಾಗೆಯೇ ಒಟ್ಟಿಗೆ ಉಳಿದವರ ಮಕ್ಕಳಿಗಿಂತ ಮುಂದೆ ನೆಮ್ಮದಿಯಿಂದಿದ್ದರು. ಜಗಳ ಕಡಿಮೆಯಿದ್ದ ಮನೆಗಳಲ್ಲಿ ಫಲಿತಾಂಶ ತಿರುಗುಮುರುಗು.

ಬೇರೆಯಾದರೂ ‘ನಿಮ್ಮಪ್ಪನಿಗೆ ಹೇಳು’ ಎಂದು ಮಗುವನ್ನೇ ನಡುವೆ ಓಡಾಡಿಸಿದರೆ ಜಗಳ ನಿಂತಂತಲ್ಲ.

ಕೊನೆಗೊಂದು ರಾತ್ರಿ ಹುಡುಗಿ ಎದ್ದು ಬಂದು ಕೇಳಿದಳು: “ಅಮ್ಮಾ, ನಾನು ಸರ್ಕಾರಿ ಶಾಲೆಗೆ ಸೇರಿದ್ರೆ ನೀವಿಬ್ಬರೂ ಸುಮ್ಮನಿರ್ತೀರಾ?”