‘ನಾಳೆ’ ಎಂದರೆ ಯಾವ ದಿನ?

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ನನ್ನ ಚಿಕ್ಕಪ್ಪನವರ ಸೀರೆ ಅಂಗಡಿಯಿದೆ. ಮನೆಮಾತು ಕನ್ನಡವಾಗಿರುವ ದೇವಾಂಗ ಕುಟುಂಬಗಳೂ ಅಲ್ಲಿಗೆ ಬರುತ್ತವೆ. ಆದ್ದರಿಂದ ಅಂಗಡಿ ಮುಚ್ಚಿರುವಾಗ ವಾಟ್ಸ್‌ಆ್ಯಪ್ ಬಿಸಿನೆಸ್‌ನಿಂದ ತಾನಾಗಿ ಹೋಗುವ ಉತ್ತರವನ್ನು, ತಮಿಳಿನ ಕೆಳಗೆ ಕನ್ನಡದಲ್ಲಿಯೂ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ‘ಅಂಗಡಿ ಮುಚ್ಚಿದೆ. ನಾಳೆ 10 ಗಂಟೆಗೆ ಸಿಗುತ್ತೇವೆ’ ಎಂದು ಬರೆದೆ.

ಒಂದು ಶನಿವಾರ ರಾತ್ರಿ ತಿರುಪ್ಪೂರಿನ ಹಿರಿಯರೊಬ್ಬರು ಮಗಳ ಮದುವೆಯ ಸೀರೆಯನ್ನು ಕುರಿತು ಕೇಳಿದರು. ಉತ್ತರವನ್ನು ನಂಬಿ ಭಾನುವಾರ ಬಸ್ಸು ಹತ್ತಿ ಬಂದರು. ಅಂಗಡಿಗೆ ಅಂದು ರಜೆ. “ನೀವೇ ಬರೆದಿದ್ದಿರಲ್ಲ!” ಎಂದು ಅವರು ಫೋನಿನಲ್ಲಿ ಕೇಳಿದಾಗ ಚಿಕ್ಕಪ್ಪನವರ ಬಳಿ ಮಾತಿರಲಿಲ್ಲ.

ಆಡುವವನು ಎಂದು ಆಡಿದನೆಂಬುದರ ಮೇಲೆ ‘ನಾಳೆ’ಯ ಅರ್ಥ ನಿಂತಿದೆ. ತಾನಾಗಿ ಹೋಗುವ ವಾಕ್ಯಕ್ಕೆ ದಿನದ ಅರಿವಿಲ್ಲ. ನಡುರಾತ್ರಿ ಕಳೆದು ಕೇಳಿದವರಿಗಂತೂ ಅದು ಒಂದು ದಿನವನ್ನೇ ಮುಂದೆ ತಳ್ಳುತ್ತದೆ.

ಈಗಿನ ಉತ್ತರ ಹೀಗಿದೆ: ‘ಸೋಮವಾರದಿಂದ ಶನಿವಾರದವರೆಗೆ 10ರಿಂದ 8ರವರೆಗೆ ಅಂಗಡಿ ತೆರೆದಿರುತ್ತದೆ. ಹೊಸ ಸೀರೆಗೆ 1, ಕಾದಿರಿಸಿದ ಸೀರೆಗೆ 2, ತುರ್ತಿಗೆ 3 ಎಂದು ಕಳುಹಿಸಿ.’ ಆ ಅಂಕಿಯನ್ನು ನಮ್ಮ ಆ್ಯಪ್ ತಾನಾಗಿ ಅರಿಯದು; ಬೆಳಿಗ್ಗೆ ಚಿಕ್ಕಪ್ಪನವರು 3 ಎಂದವರನ್ನು ಮೊದಲು ಹುಡುಕಿ ಕರೆಮಾಡುತ್ತಾರೆ.