ಹಳೇ ಸಾಹುಕಾರರನ್ನ ಬೈಯದೇ ಕೆಲಸ ಬಿಡೋದು

ನಾವು ಮೂವರು ಗೆಳೆಯರು ಒಂದೇ ವರ್ಷದಲ್ಲಿ ಕೆಲಸ ಬದಲಿಸಿದೆವು. ಒಬ್ಬ ಹುನಗುಂದದ ಕಡೆಯವ, ಇಳಕಲ್‌ನ ಗ್ರಾನೈಟ್ ಪಾಲಿಶ್ ಘಟಕದಲ್ಲಿ ಲೆಕ್ಕ ಬರೆಯುತ್ತಿದ್ದ. ಒಬ್ಬಳು ಬಾದಾಮಿಯ ಲಾಡ್ಜ್ ಒಂದರ ಕೌಂಟರ್‌ನಲ್ಲಿದ್ದಳು. ಇನ್ನೊಬ್ಬರು ಬಾಗಲಕೋಟೆಯಲ್ಲೇ ಇದ್ದೆವು. ಮೂವರಿಗೂ ಸಂದರ್ಶನದಲ್ಲಿ ಬಂದ ಪ್ರಶ್ನೆ ಒಂದೇ: "ಇದ್ದ ಕೆಲಸ ಯಾಕ ಬಿಡಾಕತ್ತೀರಿ?"

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವುದು ಸ್ವಲ್ಪ ಬಿರಿ. ಕೇಳುವವರಿಗೂ ಹಳೇ ಮಾಲೀಕರಿಗೂ ಪರಿಚಯ ಇದ್ದೇ ಇರುತ್ತದೆ. ನೀವು ಹೊರಗೆ ಬಂದು ಚಹಾ ಕುಡಿಯುವುದರೊಳಗೆ ಅತ್ತ ಫೋನ್ ಹೋಗಿರುತ್ತದೆ.

ಇಳಕಲ್‌ನ ಗೆಳೆಯನದೇ ಮಾತು ಹೇಳುತ್ತೇವೆ. ಅವನು ಬಾಗಲಕೋಟೆ ನವನಗರದ ಒಂದು ಅಂಗಡಿಗೆ ಅರ್ಜಿ ಹಾಕಿದ್ದ. ಹಿಂದಿನ ರಾತ್ರಿ ನಾವು ಕೂತು, ಕೆಲಸ ಬಿಡುವ ಕಾರಣಗಳನ್ನೆಲ್ಲ ಇದ್ದಂತೆ ಒಂದು ಹಾಳೆಯ ಮೇಲೆ ಬರೆದೆವು. ಮ್ಯಾನೇಜರು ಲಾರಿ ಡ್ರೈವರುಗಳ ಮುಂದೆ ಬೈತಾರೆ. ಸಂಬಳ ಒಂದು ತಿಂಗಳು 5ಕ್ಕೆ, ಇನ್ನೊಂದು ತಿಂಗಳು 15ಕ್ಕೆ. ಜಿಎಸ್‌ಟಿ ರಿಟರ್ನ್ ಕೆಲಸ ಕಲಿಯಬೇಕು, ಆದರೆ ಅಲ್ಲಿ ಅದನ್ನು ಹೊರಗಿನ ಆಡಿಟರ್ ಮಾಡುತ್ತಾರೆ.

ಆಮೇಲೆ ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಹಾಕಿದೆವು: ಹೊಸ ಕೆಲಸದಲ್ಲಿ ಇದಕ್ಕೆ ಉತ್ತರ ಐತೇನು? ಬೈಗುಳದ ಸಾಲು ಅಲ್ಲಿಗೇ ಬಿತ್ತು. ಹೊಸ ಮಾಲೀಕರು ಬೈಯುವುದಿಲ್ಲ ಎಂದು ಯಾರಿಗೆ ಗೊತ್ತು? ರಿಟರ್ನ್ ಕಲಿಯುವ ಸಾಲು ಉಳಿಯಿತು, ಯಾಕೆಂದರೆ ಆ ಅಂಗಡಿಯಲ್ಲಿ ಅದನ್ನು ಒಳಗಿನವರೇ ಮಾಡುತ್ತಾರೆ.

ಮರುದಿನ ಅವನು ಹೇಳಿದ್ದು ಇಷ್ಟು: "ಇಳಕಲ್ಲಿನ್ಯಾಗ ಮೂರು ವರ್ಷ ಮಾಲು ಕಳಿಸೋ ಲೆಕ್ಕ ನೋಡೇನ್ರಿ. ಬಿಲ್ಲು, ಇ-ವೇ ಬಿಲ್ಲು ಎಲ್ಲಾ ಅಲ್ಲೇ ಕಲಿತೆ. ರಿಟರ್ನ್ ಕೆಲಸ ಅಲ್ಲಿ ಹೊರಗಿನವರು ಮಾಡ್ತಾರ, ನಿಮ್ಮಲ್ಲಿ ಒಳಗ ಐತಿ. ಅದನ್ನ ಕಲೀಬೇಕಂತ ಬಂದೇನ್ರಿ." ಅರ್ಧ ನಿಮಿಷದ ಮಾತು. ಸುಳ್ಳು ಒಂದೂ ಇಲ್ಲ, ಯಾರ ಮೇಲೂ ದೂರಿಲ್ಲ. ಈ ಮಾತನ್ನು ಹಳೇ ಮ್ಯಾನೇಜರು ಕೇಳಿಸಿಕೊಂಡರೂ ಹೌದು ಅನ್ನಬೇಕು. ಉತ್ತರ ಸರಿ ಇದೆಯೋ ಇಲ್ಲವೋ ಎಂದು ನೋಡಲು ನಮಗೆ ಇದೇ ಅಳತೆ.

ಅಂಗಡಿಯವರು ಬಿಡಲಿಲ್ಲ. "ಅಲ್ಲಿ ಪಗಾರ ಸರಿಯಾಗಿ ಕೊಡ್ತಾರೇನು?" ಎಂದು ಕೆದಕಿದರು. ಅವನು, "ಅಲ್ಲಿನ ಮಾತು ಇಲ್ಲಿ ಹೇಳಿದ್ರ, ನಾಳೆ ನಿಮ್ಮ ಮಾತು ಮತ್ತೊಂದು ಕಡೆ ಹೇಳಿದಂಗ ಆಗ್ತೈತ್ರಿ. ನನಗ 7ನೇ ತಾರೀಖಿಗೆ ಸಂಘದ ಕಂತು ಇರ್ತೈತಿ. ನಿಮ್ಮಲ್ಲಿ ಪಗಾರ ಯಾವ ತಾರೀಖಿಗ್ರಿ?" ಎಂದ. ಅಂಗಡಿಯವರು ನಕ್ಕು, ತಾರೀಖು ಹೇಳಿದರು. ದೂರು ಆಗಬಹುದಾಗಿದ್ದ ಮಾತನ್ನು ಅವನು ತನ್ನ ಅಗತ್ಯವಾಗಿ ಹೇಳಿದ್ದ.

ಬಾದಾಮಿಯ ಗೆಳತಿಗೆ ಮನೆಯವರು, "ಮನ್ಯಾಗ ತ್ರಾಸು ಐತಿ ಅಂತ ಹೇಳಿಬಿಡು" ಎಂದಿದ್ದರು. ಅದು ಸುಲಭ ಅನಿಸುತ್ತದೆ. ಆದರೆ ಮನೆ ತ್ರಾಸು ಎಂದರೆ ಹೊಸಬರು ಇವಳು ದಿನಾ ರಜೆ ಕೇಳುತ್ತಾಳೆ ಎಂದೇ ಲೆಕ್ಕ ಹಾಕುತ್ತಾರೆ. ಅವಳು ಇದ್ದದ್ದನ್ನೇ ಹೇಳಿದಳು: ಗುಹೆ ನೋಡಲು ಬರುವವರು ಚಳಿಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ, ತನಗೆ ವರ್ಷಪೂರ್ತಿ ಇರುವ ಕೆಲಸ ಬೇಕು.

ರಾಜೀನಾಮೆ ಪತ್ರದಲ್ಲಂತೂ ಕಾರಣವೇ ಬೇಡ. ಯಾವ ತಾರೀಖಿಗೆ ಬಿಡುತ್ತೀರಿ, ಲೆಕ್ಕ ಯಾರಿಗೆ ಒಪ್ಪಿಸುತ್ತೀರಿ, ಕಲಿಸಿದ್ದಕ್ಕೆ ಒಂದು ನಮಸ್ಕಾರ, ಇಷ್ಟು ಸಾಕು. ಅನುಭವ ಪತ್ರ ಬರೆಯುವವರು ಹಳೆಯವರೇ. ಪಿಎಫ್ ಇದ್ದರೆ ಬಿಟ್ಟ ತಾರೀಖು ಹಾಕುವವರೂ ಅವರೇ. ಅವರು ಹಾಕದಿದ್ದರೆ, ಕೊನೆಯ ಪಿಎಫ್ ಹಣ ಜಮಾ ಆಗಿ ಎರಡು ತಿಂಗಳಾದ ಮೇಲೆ ಪಿಎಫ್ ಸದಸ್ಯರ ವೆಬ್‌ಸೈಟ್‌ನಲ್ಲಿ Mark Exit ಒತ್ತಿ ನಾವೇ ಹಾಕಿಕೊಳ್ಳಬಹುದು. ಆದರೆ ಅನುಭವ ಪತ್ರಕ್ಕೆ ಅಂಥ ಗುಂಡಿ ಇಲ್ಲ.

ಹಾಗಂತ ಎಲ್ಲವನ್ನೂ ನುಂಗಿಕೊಳ್ಳಬೇಕು ಅಂತಲ್ಲ. ದುಡಿದ ಪಗಾರ ಕೊಡದಿದ್ದರೆ ಬಾಗಲಕೋಟೆಯ ಕಾರ್ಮಿಕ ಇಲಾಖೆಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಅಲ್ಲಿ ಹೆಸರು, ತಾರೀಖು, ರೂಪಾಯಿ ಎಲ್ಲ ಬಿಚ್ಚಿ ಹೇಳಬೇಕು. ಸಂದರ್ಶನ ಮಾಡುವವರಿಗೆ ಹೇಳಿದರೆ ಅವರು ಆ ಪಗಾರ ಕೊಡಿಸುವುದಿಲ್ಲ.

ನವನಗರದವರು ನಾವಂದುಕೊಂಡಂತೆ ಇಳಕಲ್‌ಗೆ ಫೋನ್ ಮಾಡಿದ್ದರು. ಬೈಯುತ್ತಿದ್ದ ಅದೇ ಮ್ಯಾನೇಜರು, "ಹುಡುಗ ಲೆಕ್ಕದಾಗ ಚೊಕ್ಕ ಅದಾನ, ತಗೋರಿ" ಎಂದರಂತೆ. ಗೆಳೆಯ ಈಗ ಪ್ರತಿ ತಿಂಗಳು ಸಂಘದ ಕಂತನ್ನು 7ಕ್ಕೇ ಕಟ್ಟುತ್ತಾನೆ.