ಮೊದಲು ಬೆಲ್ಟು, ಆಮೇಲೆ ಬೋರ್ಡು

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದಾಗ ನಮ್ಮಂಥ ಬೋರ್ಡು ಬರೆಯುವವರಿಗೆ ಸುಗ್ಗಿ. ಅಲ್ಲಿಯವರೆಗೆ ಕಚೇರಿಗಳ ಹಲಗೆಯ ಮೇಲೆ ‘ಗುಲ್ಬರ್ಗಾ ಜಿಲ್ಲೆ’ ಅಂತಿತ್ತು, ಅದನ್ನೆಲ್ಲ ಅಳಿಸಿ ಬರೆಯಬೇಕಾಯಿತು. ಶಹಾಪುರ, ಸುರಪುರದಲ್ಲೂ ಅದೇ ಕೆಲಸ. ಕೈಯಲ್ಲಿ ಬ್ರಶ್ಶು ಹಿಡಿದವರ ಕೊನೆಯ ಒಳ್ಳೆಯ ಕಾಲ ಅದು. ಆಮೇಲೆ ಫ್ಲೆಕ್ಸ್ ಬಂತು, ಮದುವೆ ಮಂಟಪಕ್ಕೆ ಬಿಸಿ ತಂತಿಯಲ್ಲಿ ಕೊರೆದ ಥರ್ಮಾಕೋಲ್ ಅಕ್ಷರ ಬಂತು, ಮನೆ ಗೋಡೆಗೆ ಅಕ್ರಿಲಿಕ್ ಅಕ್ಷರ ಬಂತು. ಅಕ್ರಿಲಿಕ್ ಕೊರೆಸಲು ಕಲಬುರಗಿಗೋ ಹೈದರಾಬಾದಿಗೋ ಕಳಿಸಬೇಕಿತ್ತು. ಮೂರಕ್ಷರದ ಹೆಸರಿಗಾಗಿ ಯಾರು ಅಷ್ಟು ಕಾಯುತ್ತಾರೆ? ಆ ಸಂದಿಯಲ್ಲೇ ತ್ರೀಡಿ ಪ್ರಿಂಟರ್ ನಮ್ಮ ಅಂಗಡಿಗಳ ಒಳಗೆ ನುಸುಳಿತು.

ಹುಡುಗರು ಅದನ್ನು ಮೊದಲು ನೋಡಿದ್ದು ಶಾಲೆಗಳಲ್ಲಿ. 2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಗಳ ಸಾಮಾನಿನಲ್ಲಿ ಇಂಥದೊಂದು ಯಂತ್ರವೂ ಇರುತ್ತಿತ್ತು. 2018ರಲ್ಲಿ ಕ್ರಿಯಾಲಿಟಿಯ ಎಂಡರ್-3 ಬಂದ ಮೇಲೆ ಸ್ವಂತಕ್ಕೆ ಕೊಳ್ಳುವ ಮಾತು ಶುರುವಾಯಿತು. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಒಂದು ಯಂತ್ರ. 220 ಮಿಲಿಮೀಟರ್ ಉದ್ದಗಲದ ಹಾಸು, 250 ಎತ್ತರ. ಪ್ಲಾಸ್ಟಿಕ್ ದಾರವನ್ನು ಒಂದು ಮೋಟಾರು ತಳ್ಳುತ್ತದೆ. ಬಿಸಿಯಾದ ಹಿತ್ತಾಳೆಯ ನಾಜಲ್ ಅದನ್ನು ಕರಗಿಸಿ ಪದರದ ಮೇಲೆ ಪದರ ಹಾಕುತ್ತದೆ. ಡಬ್ಬಿ ಬಿಚ್ಚಿ ಜೋಡಿಸಿ ಸ್ವಿಚ್ ಹಾಕುವ ಮೊದಲು ಪವರ್ ಸಪ್ಲೈ ಬದಿಯ ಚಿಕ್ಕ ಕೆಂಪು ಗುಂಡಿ 115ರಿಂದ 230 ವೋಲ್ಟಿಗೆ ಸರಿದಿದೆಯೇ ನೋಡಬೇಕು. ನೋಡದೆ ಸ್ವಿಚ್ ಹಾಕಿದವರ ಸಪ್ಲೈ ಮೊದಲ ದಿನವೇ ಹೊಗೆ ಹಾಕಿದ್ದುಂಟು.

ಯಂತ್ರ ಬಂದ ಕೂಡಲೇ ಅದಕ್ಕೆ ಏನೇನು ಹೊಸದಾಗಿ ಹಾಕಬೇಕು ಎಂಬ ಹುಚ್ಚೂ ಬಂತು. ಶಹಾಪುರದಲ್ಲಿ ಒಬ್ಬ ಹುಡುಗ ಹಾಸಿನ ಎತ್ತರ ತಾನೇ ಅಳೆಯುವ ಸೆನ್ಸರ್ ಹಾಕಿದ. ಸದ್ದಿಲ್ಲದ ಮದರ್‌ಬೋರ್ಡ್ ತರಿಸಿದ, ಬಣ್ಣದ ಟಚ್ ಸ್ಕ್ರೀನೂ ಆಯಿತು. ಯಂತ್ರ ಬೆಕ್ಕಿನ ಹೆಜ್ಜೆಯಲ್ಲಿ ಓಡುತ್ತಿತ್ತು. ಆದರೆ ‘ಶ್ರೀ ಲಕ್ಷ್ಮೀ ನಿಲಯ’ ಅಂತ ಮಾಡಿಕೊಟ್ಟ ಅಕ್ಷರ ನೋಡಿ ಸುರಪುರದ ಮನೆಯವರು ಕೇಳಿದರು: ‘ಅಣ್ಣಾರ, ಈ ಲ ಯಾಕ ಸೊಟ್ಟ ಆಗ್ಯಾದ? ನಿಲಯದಾಗಿನ ಲ ನೋಡ್ರಿ, ಅದೂ ಹಂಗs ಅದ.’

ಇಂಗ್ಲಿಷಿನ ಎಚ್, ಟಿ, ಎಲ್ ಮಾಡುತ್ತ ಕೂತವನಿಗೆ ಈ ದೋಷ ಕಾಣುವುದೇ ಇಲ್ಲ, ನೆಟ್ಟಗಿನ ಗೆರೆ ಎಲ್ಲವನ್ನೂ ಮುಚ್ಚುತ್ತದೆ. ನಮ್ಮ ಅಕ್ಷರ ಪೂರಾ ದುಂಡು, ಕೆಳಗೆ ಒತ್ತಕ್ಷರದ ಸಣ್ಣ ಸುರುಳಿ ಬೇರೆ. ಬೆಲ್ಟು ಸಡಿಲವಿದ್ದರೆ ಮೋಟಾರು ದಿಕ್ಕು ಬದಲಿಸುವಾಗ ತಲೆ ಒಂದು ಎಳೆ ತಡವಾಗಿ ತಿರುಗುತ್ತದೆ. ದುಂಡಿನ ತುದಿ ಚಪ್ಪಟೆಯಾಗಿ ಅಕ್ಷರ ಮೊಟ್ಟೆಯಾಕಾರಕ್ಕೆ ಬರುತ್ತದೆ. ಅದನ್ನು ಹಿಡಿಯಲು ನಾವು ಐವತ್ತು ಮಿಲಿಮೀಟರ್ ಅಗಲದ ಒಂದು ಉಂಗುರ ಹೊಡೆದು ವರ್ನಿಯರ್‌ನಲ್ಲಿ ಎರಡೂ ದಿಕ್ಕಿಗೆ ಅಳೆದೆವು. ಎಡದಿಂದ ಬಲಕ್ಕೆ 49.9 ಇತ್ತು, ಹಿಂದಿನಿಂದ ಮುಂದಕ್ಕೆ 49.3. ಅಂದರೆ ಹಾಸನ್ನು ಹಿಂದೆ ಮುಂದೆ ಓಡಿಸುವ ಕಡೆಯೇ ಸಡಿಲು. ಹಾಸಿನ ಎರಡೂ ಅಂಚು ಹಿಡಿದು ಅಲುಗಾಡಿಸಿದರೆ ಕೈಗೇ ತಿಳಿಯಿತು. ಕೆಳಗಿನ ಪ್ಲಾಸ್ಟಿಕ್ ಗಾಲಿಗಳ ಪಕ್ಕದಲ್ಲಿ ಒಂದು ಓರೆ ನಟ್ಟು ಇರುತ್ತದೆ. ಅದನ್ನು ಅಲುಗಾಟ ನಿಲ್ಲುವಷ್ಟೇ ತಿರುಗಿಸಬೇಕು. ಹೆಚ್ಚು ಬಿಗಿದರೆ ಗಾಲಿ ಸವೆದು ಮಣ್ಣಿನಂಥ ಪುಡಿ ಬೀಳುತ್ತದೆ. ಗಾಲಿಯನ್ನು ಬೆರಳಲ್ಲಿ ತಿರುಗಿಸಿದರೆ ಹಾಸೂ ಸರಿಯಬೇಕು, ಗಾಲಿಯೊಂದೇ ಜಾರಿದರೆ ಸಡಿಲು ಅಂತ ಅರ್ಥ. ಆಮೇಲೆ ಬೆಲ್ಟನ್ನು ಮೀಟಿದರೆ ಸದ್ದು ಬರುವಷ್ಟು ಎಳೆದು ಕಟ್ಟಿದೆವು. ಗೋಡೆಗೆ ಹೊಂದುವ ‘ಲ’ ಅದೇ ಸಂಜೆ ಬಂತು. ಅದಕ್ಕೆ ಆದ ಖರ್ಚು ಸೊನ್ನೆ.

ಎರಡನೆಯ ಕೆಲಸ ದಾರ ಎಷ್ಟು ಹೋಗುತ್ತಿದೆ ಎಂದು ಅಳೆಯುವುದು. ಎಂಡರ್-3ರಲ್ಲಿ ದಾರವನ್ನು ಒತ್ತಿ ಹಿಡಿಯುವ ತೋಳು ಪ್ಲಾಸ್ಟಿಕ್ಕಿನದು. ಸ್ಪ್ರಿಂಗ್ ಒತ್ತಡಕ್ಕೆ ಕೆಲವು ತಿಂಗಳಲ್ಲಿ ಅದರ ತಿರುಗಣೆಯ ಬುಡದಲ್ಲಿ ಕೂದಲಷ್ಟು ಬಿರುಕು ಬಿಡುತ್ತದೆ. ಹೊರಗಿನಿಂದ ಗೊತ್ತಾಗದು. ಅಕ್ಷರದ ಮೈ ಮೇಲೆ ಸಣ್ಣ ಸೀಳು, ಪದರ ಪದರ ಬಿಡುವುದು, ಮೇಲ್ಮೈ ಜಾಳಾಗಿ ಕಾಣುವುದು. ಇವು ಅದರ ಗುರುತು. ಟಕ್ ಟಕ್ ಸದ್ದು ಬಂದರೆ ನಾಜಲ್ ಕಟ್ಟಿಕೊಂಡಿದೆ ಇಲ್ಲವೇ ಹಾಸಿಗೆ ತೀರಾ ಹತ್ತಿರವಿದೆ. ಸದ್ದೇ ಇಲ್ಲದೆ ಜಾಳಾದರೆ ತೋಳು ನೋಡಬೇಕು. ಲೋಹದ ತೋಳಿಗೆ ಕೆಲವು ನೂರು ರೂಪಾಯಿ, ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಕಡೆ ಹೋದವರು ತಂದು ಕೊಡುತ್ತಿದ್ದರು.

ತೋಳು ಬದಲಾಯಿಸಿದ ಮೇಲೆ ಅಳತೆ. ದಾರ ಒಳಹೋಗುವ ಬಾಯಿಯಿಂದ 120 ಮಿಲಿಮೀಟರ್ ದೂರಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ, ನಾಜಲ್ ಬಿಸಿ ಮಾಡಿ, ನೂರು ಮಿಲಿಮೀಟರ್ ತಳ್ಳು ಎಂದು ಹೇಳಬೇಕು. ಸರಿ ಇದ್ದರೆ ಗುರುತು ಬಾಯಿಯಿಂದ ಇಪ್ಪತ್ತರಲ್ಲಿ ನಿಲ್ಲುತ್ತದೆ. ಆ ಶಹಾಪುರದ ಯಂತ್ರದಲ್ಲಿ ಇಪ್ಪತ್ತಾರು ಉಳಿದಿತ್ತು. ನೂರರ ಬದಲು ತೊಂಬತ್ತನಾಲ್ಕು ಹೋಗಿದೆ ಎಂದಾಯಿತು. ಯಂತ್ರದ ಮೊದಲಿನ ಲೆಕ್ಕ 93. ಅದನ್ನು ನೂರರಿಂದ ಗುಣಿಸಿ ತೊಂಬತ್ತನಾಲ್ಕರಿಂದ ಭಾಗಿಸಿದರೆ 98.9. ಕಂಪ್ಯೂಟರಿಗೆ ಕೇಬಲ್ ಹಾಕಿ ಇಷ್ಟು ಕಳಿಸಿದರೆ ಮುಗಿಯಿತು:

```
M109 S200
M83
G1 E100 F100
M92 E98.9
M500
```

ಮೊದಲ ಮೂರು ಸಾಲು ಅಳೆಯುವುದಕ್ಕೆ. ಅಳೆದು ಲೆಕ್ಕ ಹಾಕಿದ ಮೇಲೆ ಕೊನೆಯ ಎರಡು ಸಾಲು ಹೊಸ ಲೆಕ್ಕವನ್ನು ಹಾಕಿ ಉಳಿಸಿಡುತ್ತವೆ.

ಇಲ್ಲಿಯವರೆಗಿನದು ಬೆಂಗಳೂರಿಗೂ ಯಾದಗಿರಿಗೂ ಒಂದೇ. ಮೂರನೆಯದು ಮಾತ್ರ ನಮ್ಮ ಬಿಸಿಲಿನ ಪಾಠ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ, ತಗಡಿನ ಚಾವಣಿಯ ಅಂಗಡಿಯೊಳಗೆ ಅದಕ್ಕಿಂತ ಹೆಚ್ಚು. ಮುಂಜಾನೆ ಚೆನ್ನಾಗಿ ಓಡಿದ ಯಂತ್ರ ಮಧ್ಯಾಹ್ನ ಅರ್ಧಕ್ಕೆ ನಿಲ್ಲುತ್ತಿತ್ತು. ತಲೆ ಓಡುತ್ತಿರುತ್ತದೆ, ದಾರ ಮಾತ್ರ ಬರುವುದಿಲ್ಲ. ಬಿಚ್ಚಿ ನೋಡಿದರೆ ನಾಜಲ್‌ನಲ್ಲಿ ಏನೂ ಇಲ್ಲ, ಅದಕ್ಕಿಂತ ಮೇಲೆ, ತಣ್ಣಗಿರಬೇಕಾದ ಜಾಗದಲ್ಲಿ ದಾರ ಉಬ್ಬಿ ಕೂತಿರುತ್ತದೆ. ಪಿಎಲ್‌ಎ 60 ಡಿಗ್ರಿ ಹತ್ತಿರಕ್ಕೇ ಮೆದುವಾಗುವ ಪ್ಲಾಸ್ಟಿಕ್. ತಲೆಯ ಮೇಲ್ಭಾಗವನ್ನು ತಣ್ಣಗಿಡುವ ಪುಟ್ಟ ಫ್ಯಾನು ಸುತ್ತಲಿನ ಬಿಸಿಗಾಳಿಯನ್ನೇ ಊದುತ್ತಿದ್ದರೆ ಅದಕ್ಕೆ ಉಳಿಯುವ ಅಂತರ ಬಹಳ ಕಡಿಮೆ. ಆ ಫ್ಯಾನಿನಲ್ಲಿ ಗಿರಣಿ ಧೂಳೂ ಹತ್ತಿಯ ಎಳೆಯೂ ಸೇರಿದರೆ ಮುಗಿದೇ ಹೋಯಿತು.

ನಾವು ಮಾಡಿದ್ದು ಮೂರು ಕೆಲಸ. ಫ್ಯಾನನ್ನು ಒಳ್ಳೆಯದಕ್ಕೆ ಬದಲಿಸಿದೆವು. ಈ ಯಂತ್ರಕ್ಕೆ 24 ವೋಲ್ಟಿನದೇ ಬೇಕು, 12ರದು ನೇರ ಹಚ್ಚಿದರೆ ಸುಡುತ್ತದೆ. ದಾರ ಹೋಗುವ ಬಿಳಿ ಕೊಳವೆಯ ತುದಿಯನ್ನು ಬ್ಲೇಡಿನಿಂದ ನೆಟ್ಟಗೆ ಕೊಯ್ದು, ನಾಜಲ್‌ಗೆ ಒಂದಿಷ್ಟೂ ಸಂದಿ ಬಿಡದಂತೆ ಕೂರಿಸಿ, ಬಿಸಿ ಇದ್ದಾಗಲೇ ನಾಜಲ್ ಬಿಗಿದೆವು. ಸಂದಿ ಇದ್ದರೆ ಕರಗಿದ್ದು ಅಲ್ಲಿ ನುಗ್ಗಿ ಗಟ್ಟಿಯಾಗುತ್ತದೆ. ಆಮೇಲೆ ದೊಡ್ಡ ಅಕ್ಷರದ ಕೆಲಸವನ್ನು ರಾತ್ರಿಗೆ ಸರಿಸಿದೆವು. ರಾತ್ರಿ ಅಂದರೆ ಕರೆಂಟಿನ ಪ್ರಶ್ನೆ. ಜೆಸ್ಕಾಂ ಕರೆಂಟು ಹೋಗಿ ಬಂದ ಮೇಲೆ ಯಂತ್ರ ನಿಂತಲ್ಲಿಂದ ಮುಂದುವರಿಯುತ್ತದೆ ನಿಜ, ಆದರೆ ಅಷ್ಟರಲ್ಲಿ ಹಾಸು ತಣ್ಣಗಾಗಿ ಅಕ್ಷರ ಎದ್ದಿರುತ್ತದೆ, ಏಳದಿದ್ದರೂ ಅಡ್ಡ ಗೆರೆಯೊಂದು ಉಳಿಯುತ್ತದೆ. ಮನೆಯ ಇನ್ವರ್ಟರ್‌ಗೇ ಯಂತ್ರ ಹಚ್ಚಿ, ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಸರಿಸಿದರೆ ಆ ಗೆರೆ ಬರುವುದಿಲ್ಲ. ಸಾದಾ ಕಡೆಯಲ್ಲಿದ್ದರೆ ಬದಲಾಗುವ ಕ್ಷಣದಲ್ಲೇ ಯಂತ್ರ ಆರಬಹುದು.

ಬಿಸಿಲಿನ ಇನ್ನೊಂದು ಮುಖ ಗಿರಾಕಿಯ ಗೋಡೆಯ ಮೇಲೆ ಕಂಡಿತು. ಪಡುವಣ ಗೋಡೆಗೆ ಹಚ್ಚಿದ ಕಪ್ಪು ಪಿಎಲ್‌ಎ ಅಕ್ಷರ ಒಂದೇ ಬೇಸಿಗೆಗೆ ಬಾಗಿತು. ಹೊರಗಿನ ಗೋಡೆಗೆ ಪಿಇಟಿಜಿ ಬೇಕು, ಅದು 80 ಡಿಗ್ರಿ ಆಸುಪಾಸಿನವರೆಗೆ ತಡೆಯುತ್ತದೆ. ಆದರೆ ಅದನ್ನು ಕರಗಿಸಲು 240ರ ಹತ್ತಿರ ಹೋಗಬೇಕು, ಯಂತ್ರದೊಳಗಿನ ಬಿಳಿ ಕೊಳವೆ ಅದಕ್ಕಿಂತ ಮೇಲೆ ನಿಧಾನವಾಗಿ ಸುಟ್ಟು ಕೆಡುತ್ತದೆ, ಅದರ ಹೊಗೆ ಒಳ್ಳೆಯದೂ ಅಲ್ಲ. ಕೊಳವೆಯನ್ನು ಬಿಸಿಯಿಂದ ದೂರವಿಡುವ ಪೂರ್ಣ ಲೋಹದ ಗಂಟಲು ನಮ್ಮ ಕಡೆ ನಾಲ್ಕನೆಯ ಖರ್ಚಾಗಿದ್ದು ಈ ಕಾರಣಕ್ಕೆ. ಅಂಗಡಿಯೊಳಗೆ ಇಡುವ ಆಟಿಕೆ, ಶಾಲೆಯ ಮಾದರಿ ಮಾಡುವವನಿಗೆ ಅದು ಬೇಡವೇ ಬೇಡ. ಪಿಎಲ್‌ಎಗೆ ಅದರಿಂದ ತೊಂದರೆಯೇ ಹೆಚ್ಚು.

ಐದನೆಯದು ಹಾಸು. ಮೂಲ ಸ್ಪ್ರಿಂಗುಗಳು ಮೆದು, ಒಂದು ವಾರದಲ್ಲಿ ಲೆವೆಲ್ ತಪ್ಪುತ್ತದೆ. ಗಟ್ಟಿ ಸ್ಪ್ರಿಂಗು, ಮೇಲೆ ಅಯಸ್ಕಾಂತದಿಂದ ಕೂರುವ ಪಿಇಐ ಹಾಳೆ ಹಾಕಿದರೆ ಅಕ್ಷರ ತಣ್ಣಗಾದ ಮೇಲೆ ತಾನೇ ಬಿಡುತ್ತದೆ, ಅಡಿ ನಯವಾಗಿ ಬರುತ್ತದೆ.

ಸೆನ್ಸರು, ಸದ್ದಿಲ್ಲದ ಬೋರ್ಡು, ದೊಡ್ಡ ಸ್ಕ್ರೀನು ಇವೆಲ್ಲ ಕೊನೆಗೆ. ಸೆನ್ಸರು ಮೊದಲ ಪದರದ ಬೇಸರ ತಪ್ಪಿಸುತ್ತದೆ, ಸಡಿಲ ಗಾಲಿಯನ್ನು ಸರಿಮಾಡದು. ಬೋರ್ಡು ಮನೆಯವರ ನಿದ್ದೆ ಉಳಿಸುತ್ತದೆ. ಇವುಗಳ ಲಾಭ ಇಲ್ಲವೆಂದಲ್ಲ, ಅಕ್ಷರದ ಮೇಲೆ ಅದು ಕಾಣುವುದಿಲ್ಲ. ಹಳೆಯ ಯಂತ್ರಗಳಲ್ಲಿ ಬೋರ್ಡಿಗೆ ಒಂದು ನ್ಯಾಯವಾದ ಕಾರಣವಿತ್ತು. ಮೊದಮೊದಲ ಎಂಡರ್-3ರ ಸಾಫ್ಟ್‌ವೇರಿನಲ್ಲಿ ಹೀಟರ್ ಹಿಡಿತ ತಪ್ಪಿದರೆ ತಾನೇ ನಿಲ್ಲಿಸುವ ರಕ್ಷಣೆ ಇರಲಿಲ್ಲ. ರಾತ್ರಿ ಓಡಿಸುವವನು ಅದನ್ನು ಮೊದಲು ಹಾಕಿಸಬೇಕು. ಅದು ಸುರಕ್ಷತೆಯ ಖರ್ಚು, ಗುಣಮಟ್ಟದ ಲೆಕ್ಕಕ್ಕೆ ಸೇರಿಸಬೇಡಿ.

2023ರ ಹೊತ್ತಿಗೆ ಈ ಪಟ್ಟಿಯೇ ಹಳತಾಯಿತು. ಅದೇ ಕಂಪನಿಯ ಎಂಡರ್-3 ವಿ3 ಎಸ್‌ಇ ಸೆನ್ಸರನ್ನೂ, ತಲೆಯ ಮೇಲೆಯೇ ಕೂತ ದಾರದ ಮೋಟಾರನ್ನೂ ಡಬ್ಬಿಯಿಂದಲೇ ತಂದಿತು. ಶಹಾಪುರದ ಹುಡುಗರು ಈಗ ಯಂತ್ರ ಬಿಚ್ಚುವುದು ಕಡಿಮೆ, ಗಿರಾಕಿ ಹುಡುಕುವುದು ಹೆಚ್ಚು. ಆದರೂ ಹಳೆಯ ಎಂಡರ್-3 ಅರ್ಧ ಬೆಲೆಗೆ ಕೈ ಬದಲಾಗುತ್ತಲೇ ಇದೆ. ಹಾಗೆ ಕೊಂಡವರು ಬಂದು ‘ಮೊದಲೇನ್ ಹಾಕ್ಸೋದ್ರಿ?’ ಅಂದರೆ ನಾನು ಉಂಗುರ ಹೊಡೆದು ತರಲು ಹೇಳುತ್ತೇನೆ. ದುಂಡಗೆ ಬಂದರೆ ತೋಳು, ಫ್ಯಾನು, ಹಾಸು ಈ ಸಾಲಿನಲ್ಲಿ ಖರ್ಚು ಮಾಡಲಿ. ಸೊಟ್ಟ ಬಂದರೆ ಕಿಸೆಗೆ ಕೈ ಹಾಕುವ ಮೊದಲು ಅಲೆನ್ ಕೀ ಹುಡುಕಲಿ. ಖರ್ಚಿನ ಮೊತ್ತ ಹೊಸ ಯಂತ್ರದ ಅರ್ಧ ಬೆಲೆ ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ ಹೊಸದನ್ನೇ ಕೊಳ್ಳುವುದು ಲೇಸು.